ಬ್ಯಾಟರಿ ದೀಪ ಹೊತ್ತಿದರೆ ಮೊದಲು ಬೆಲ್ಟ್ ನೋಡಿ

ಕಾರು ಓಡುತ್ತಿರುವಾಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಬ್ಯಾಟರಿ ಚಿತ್ರ ಹೊತ್ತಿಕೊಂಡರೆ ಹೆಚ್ಚಿನವರು ಬ್ಯಾಟರಿಯನ್ನೇ ದೂರುತ್ತಾರೆ. ಆದರೆ ಆ ದೀಪ ಹೇಳುವುದು ಚಾರ್ಜಿಂಗ್ ಸರಿಯಾಗಿ ನಡೆಯುತ್ತಿಲ್ಲ ಎಂದು. ಚಾರ್ಜ್ ಮಾಡುವುದು ಆಲ್ಟರ್ನೇಟರ್, ಗ್ಯಾರೇಜಿನವರ ಬಾಯಲ್ಲಿ ಡೈನಮೋ. ಅದನ್ನು ತಿರುಗಿಸುವುದು ಎಂಜಿನ್ನಿನ ಬದಿಯಲ್ಲಿರುವ ರಬ್ಬರ್ ಬೆಲ್ಟ್. ಎರಡರಲ್ಲಿ ಯಾವುದು ಕೈಕೊಟ್ಟರೂ ಹೊತ್ತುವುದು ಅದೇ ದೀಪ. ಖರ್ಚಿನಲ್ಲಿ ಮಾತ್ರ ಅಜಗಜಾಂತರ.

ದೀಪ ಕಂಡ ಕೂಡಲೇ ಟೆಂಪರೇಚರ್ ಮುಳ್ಳು ನೋಡಿ. ಹಲವು ಕಾರುಗಳಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತದೆ. ಮುಳ್ಳು ಏರುತ್ತಿದ್ದರೆ ಅಥವಾ ಸ್ಟೀರಿಂಗ್ ಇದ್ದಕ್ಕಿದ್ದಂತೆ ಭಾರವಾದರೆ ಬೆಲ್ಟ್ ತುಂಡಾಗಿರಬಹುದು. ಗಾಡಿಯನ್ನು ಸುರಕ್ಷಿತವಾಗಿ ಬದಿಗೆ ತಂದು ಎಂಜಿನ್ ಆರಿಸಿ. ಇನ್ನೊಂದು ಕಿಲೋಮೀಟರ್ ಓಡಿಸೋಣ ಎಂಬ ಆಸೆ ಬೇಡ.

ಮುಳ್ಳು ಸರಿಯಿದ್ದರೆ ಕಿವಿಗೊಡಿ. ಮಳೆಯ ರಾತ್ರಿ ಶಿರಾಡಿ ಘಾಟಿ ಇಳಿಯುತ್ತಿದ್ದೀರಿ ಎಂದುಕೊಳ್ಳಿ. ಹೆಡ್‌ಲೈಟ್, ವೈಪರ್, ಎಸಿ ಎಲ್ಲ ಚಾಲೂ. ಬ್ಯಾಟರಿ ದೀಪ ಮಿಣುಕುತ್ತದೆ, ಬಾನೆಟ್ ಒಳಗಿಂದ ಕೀಚಲು ಸದ್ದು. ಲೋಡ್ ಹೆಚ್ಚಾದಷ್ಟೂ ಡೈನಮೋ ತಿರುಗಿಸುವುದು ಕಷ್ಟ. ಸಡಿಲ ಬೆಲ್ಟ್ ಪುಲ್ಲಿಯ ಮೇಲೆ ಜಾರುತ್ತದೆ. ಎಸಿ ನಿಲ್ಲಿಸಿದಾಗ ಸದ್ದೂ ದೀಪವೂ ಅಡಗಿದರೆ ಅನುಮಾನ ಬೆಲ್ಟಿನ ಮೇಲೆ.

ಘಾಟಿ ಇಳಿದ ಮೇಲೆ ಎಂಜಿನ್ ಆರಿಸಿ, ಕೀ ತೆಗೆದು, ಎರಡು ಪುಲ್ಲಿಗಳ ನಡುವಿನ ಉದ್ದದ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ. ಕೈಯಿಂದ ಬಿಗಿ ಹೊಂದಿಸುವ ಮಾದರಿಯಲ್ಲಿ ಸುಮಾರು 1 ಸೆಂ.ಮೀ. ಬಾಗಿದರೆ ಸಾಮಾನ್ಯ, ಅದಕ್ಕಿಂತ ತುಂಬಾ ಹೆಚ್ಚಾದರೆ ಸಡಿಲ. ಬಿರುಕು, ಹೊಳಪುಗಟ್ಟಿದ ಅಂಚು, ಸುತ್ತ ಉದುರಿದ ಕಪ್ಪು ರಬ್ಬರ್ ಪುಡಿ ಕೂಡ ಜಾರಿಕೆಯ ಗುರುತು.

ಇನ್ನು ಮಲ್ಟಿಮೀಟರ್. ಎಂಜಿನ್ ಆರಿ ಸ್ವಲ್ಪ ಹೊತ್ತಾದ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ಲೋಡ್ ಇಲ್ಲದಾಗ 14.1 ತೋರಿಸಿ, ಲೈಟು ಎಸಿ ಹಾಕಿದೊಡನೆ ಕೀಚಲು ಸದ್ದಿನ ಜೊತೆ 12.4ಕ್ಕೆ ಕುಸಿದರೆ ಬೆಲ್ಟ್ ಅಥವಾ ಅದರ ಟೆನ್ಷನರ್. ಬೆಲ್ಟ್ ಬಿಗಿಯಾಗಿದ್ದು, ಸದ್ದೂ ಇಲ್ಲದೆ, ಆಕ್ಸಿಲರೇಟರ್ ಒತ್ತಿದರೂ 12.2ರಲ್ಲೇ ನಿಂತು ನಿಧಾನವಾಗಿ ಇಳಿಯುತ್ತಿದ್ದರೆ ಡೈನಮೋ ಸೋಲುತ್ತಿದೆ. ಆಗಲೂ ಅದರ ಹಿಂದಿನ ವೈರು, ಬ್ಯಾಟರಿ ಟರ್ಮಿನಲ್ ಬಿಗಿಯಾಗಿವೆಯೇ ಎಂದು ನೋಡಿಸಿ. ಎಷ್ಟೋ ಸಲ ಸವೆದ ಕಾರ್ಬನ್ ಬ್ರಷ್ ಅಥವಾ ರೆಗ್ಯುಲೇಟರ್ ಬದಲಿಸಿದರೆ ಸಾಕು, ಇಡೀ ಡೈನಮೋ ಬೇಕಿಲ್ಲ.

ಪರೀಕ್ಷೆಗೆಂದು ಓಡುವ ಎಂಜಿನ್ನಿನಲ್ಲಿ ಬ್ಯಾಟರಿ ಟರ್ಮಿನಲ್ ಬಿಚ್ಚುವ ಹಳೆಯ ರೂಢಿಗೆ ಖಂಡಿತ ಒಪ್ಪಬೇಡಿ. ವೋಲ್ಟೇಜ್ ಒಮ್ಮೆಲೇ ಜಿಗಿದು ಇಸಿಯು ಸುಟ್ಟುಹೋಗಬಹುದು.

ರಿಪೇರಿಯಾದ ಮೇಲೆ ಹೆಡ್‌ಲೈಟ್, ಎಸಿ ಹಾಕಿಸಿ, ಮೀಟರ್ ತೋರಿಸುವಂತೆ ಕೇಳಿ. ಹಣ ಕೊಡುವುದು ಅದನ್ನು ನೋಡಿದ ಮೇಲೆ.