ಲಾಭ ಮೂಲೆಯಲ್ಲೇ ಏಕೆ ಸಿಗುತ್ತದೆ?

ದ್ವಿತೀಯ ಪಿಯುಸಿ ಗಣಿತದ ಲೀನಿಯರ್ ಪ್ರೋಗ್ರಾಮಿಂಗ್ ಪಾಠದಲ್ಲಿ ಒಂದು ಬಗೆಯ ಚಿತ್ರ ಮತ್ತೆ ಮತ್ತೆ ಬರುತ್ತದೆ: ಎರಡು ಅಕ್ಷ, ಅವನ್ನು ಮುಟ್ಟುವ ಓರೆ ಗೆರೆಗಳು, ನಡುವೆ ಬಣ್ಣ ತುಂಬಿದ ಜಾಗ. ವಿದ್ಯಾರ್ಥಿಗಳು ಆ ಜಾಗದ ಮೂಲೆಗಳನ್ನು ಲೆಕ್ಕ ಹಾಕಿ, ದೊಡ್ಡ ಉತ್ತರವನ್ನು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಉತ್ತರ ಮೂಲೆಯಲ್ಲೇ ಏಕೆ ಸಿಕ್ಕಿತು ಎಂದು ಕೇಳಿಕೊಳ್ಳುವವರು ಕಡಿಮೆ. ಚಿತ್ರವನ್ನು ಓದಲು ಬರುವುದು ಆ ಪ್ರಶ್ನೆಯಿಂದಲೇ.

ಕೋಲಾರದ ಕಡೆಯ ಒಬ್ಬ ರೈತನಿಗೆ 6 ಎಕರೆ ಜಮೀನಿದೆ ಎಂದಿಟ್ಟುಕೊಳ್ಳೋಣ. ರಾಗಿ ಹಾಕಬಹುದು, ಟೊಮೆಟೊ ಹಾಕಬಹುದು. ರಾಗಿಗೆ ಎಕರೆಗೆ 20 ಆಳು ಬೇಕು, ಟೊಮೆಟೊಗೆ 60. ಹಂಗಾಮಿಗೆ ಸಿಗುವುದು ಒಟ್ಟು 240 ಆಳು. ಖರ್ಚು, ಕೂಲಿ ಎಲ್ಲ ಕಳೆದು ರಾಗಿಯಿಂದ ಎಕರೆಗೆ 15,000 ರೂಪಾಯಿ, ಟೊಮೆಟೊದಿಂದ 30,000 ರೂಪಾಯಿ ಉಳಿಯುತ್ತದೆ. ಇವು ಲೆಕ್ಕ ಸುಲಭವಾಗಲೆಂದು ಇಟ್ಟುಕೊಂಡ ಅಂಕಿಗಳು.

ರಾಗಿಯ ಎಕರೆಗಳನ್ನು x ಎಂದು ಅಡ್ಡಕ್ಕೆ, ಟೊಮೆಟೊವನ್ನು y ಎಂದು ಉದ್ದಕ್ಕೆ ಗುರುತಿಸಿದರೆ, ಹಾಳೆಯ ಮೇಲಿನ ಒಂದೊಂದು ಚುಕ್ಕೆಯೂ ಒಂದೊಂದು ಬೆಳೆ ಯೋಜನೆ. ಜಮೀನಿನ ಮಿತಿ x + y ≤ 6. ಆಳುಗಳ ಮಿತಿ 20x + 60y ≤ 240, ಅಂದರೆ x + 3y ≤ 12. ಒಂದೊಂದು ಗೆರೆಯೂ ಹಾಳೆಯನ್ನು ಎರಡು ಪಾಲು ಮಾಡುತ್ತದೆ. ಯಾವ ಪಾಲು ನಮ್ಮದು ಎಂದು ತಿಳಿಯಲು (0, 0) ಹಾಕಿ ನೋಡಿದರೆ ಸಾಕು: ಏನೂ ಬೆಳೆಯದಿದ್ದರೆ ಜಮೀನೂ ಸಾಲುತ್ತದೆ, ಆಳೂ ಸಾಲುತ್ತಾರೆ, ಹಾಗಾಗಿ ಎರಡು ಗೆರೆಗಳಿಗೂ ಮೂಲಬಿಂದುವಿನ ಕಡೆಯೇ ಒಪ್ಪಿತ. ಎಲ್ಲ ಮಿತಿಗಳೂ ಒಟ್ಟಿಗೆ ಒಪ್ಪುವ ಜಾಗಕ್ಕೆ ಬಣ್ಣ ತುಂಬುತ್ತೇವೆ. ಅದರ ಮೂಲೆಗಳು (0, 0), (6, 0), (3, 3), (0, 4).

ತಪ್ಪು ನುಸುಳುವುದು ಇಲ್ಲಿಯೇ. ಜಮೀನಿನ ಗೆರೆ y ಅಕ್ಷವನ್ನು (0, 6) ರಲ್ಲಿ ಮುಟ್ಟುತ್ತದೆ. ಅದೂ ಒಂದು ಮೂಲೆ ಎಂದು ತೆಗೆದುಕೊಂಡರೆ ಲಾಭ 1,80,000 ರೂಪಾಯಿ ಎಂದು ಬರುತ್ತದೆ. ಆದರೆ 6 ಎಕರೆ ಟೊಮೆಟೊಗೆ 360 ಆಳು ಬೇಕು, ಇರುವುದು 240. ಗೆರೆಗಳು ಕೂಡಿದ ಕಡೆಯೆಲ್ಲ ಮೂಲೆಯಲ್ಲ, ಬಣ್ಣದ ಅಂಚಿನಲ್ಲಿ ಕೂಡಿದರೆ ಮಾತ್ರ ಮೂಲೆ.

ಈಗ ಲಾಭಕ್ಕೆ ಬರೋಣ. 60,000 ರೂಪಾಯಿ ಲಾಭ ಕೊಡುವ ಯೋಜನೆ ಒಂದೇ ಅಲ್ಲ. ರಾಗಿ 4 ಎಕರೆ ಹಾಕಿದರೂ ಅಷ್ಟೇ, ಟೊಮೆಟೊ 2 ಎಕರೆ ಹಾಕಿದರೂ ಅಷ್ಟೇ. ಈ ಎರಡು ಚುಕ್ಕೆಗಳನ್ನು ಸೇರಿಸುವ ಗೆರೆಯುದ್ದಕ್ಕೂ ಲಾಭ ಒಂದೇ. 90,000 ರೂಪಾಯಿಯ ಗೆರೆ ಅದಕ್ಕೆ ಸಮಾನಾಂತರವಾಗಿ ಇನ್ನಷ್ಟು ಹೊರಗಿರುತ್ತದೆ. ಒಂದು ಸ್ಕೇಲನ್ನು ಅದೇ ಓರೆಯಲ್ಲಿ ಇಟ್ಟು ಮೂಲಬಿಂದುವಿನಿಂದ ದೂರಕ್ಕೆ ಸರಿಸುತ್ತಾ ಹೋಗಿ. ಬಣ್ಣದ ಒಳಗಿನ ಚುಕ್ಕೆಯ ಮೇಲಿದ್ದಾಗ ಇನ್ನೂ ಸರಿಸಲು ಜಾಗವಿರುತ್ತದೆ, ಹಾಗಾಗಿ ಒಳಗೆಲ್ಲೂ ಗರಿಷ್ಠ ಲಾಭ ಇರಲಾರದು. ಸ್ಕೇಲು ಬಣ್ಣವನ್ನು ಬಿಟ್ಟುಹೋಗುವ ಮುನ್ನ ಕಡೆಯದಾಗಿ ತಾಗುವುದು (3, 3) ಮೂಲೆಯನ್ನು. ಲಾಭ 45,000 + 90,000 = 1,35,000 ರೂಪಾಯಿ. ಬರೀ ರಾಗಿಯಾದರೆ 90,000. ಆಳು ಸಾಲುವಷ್ಟು, ಅಂದರೆ 4 ಎಕರೆ, ಬರೀ ಟೊಮೆಟೊ ಹಾಕಿದರೆ 1,20,000.

ಟೊಮೆಟೊ ದರ ಒಂದೇ ಕಡೆ ನಿಲ್ಲುವುದಿಲ್ಲ ಎಂಬುದು ಬೆಳೆದವರಿಗೆಲ್ಲ ಗೊತ್ತು. ದರ ಬದಲಾದರೆ ಬಣ್ಣದ ಜಾಗ ಅಲುಗುವುದಿಲ್ಲ, ಸ್ಕೇಲಿನ ಓರೆ ಮಾತ್ರ ಬದಲಾಗುತ್ತದೆ. ಎಕರೆಗೆ ಟೊಮೆಟೊದ ಲಾಭ 15,000ಕ್ಕಿಂತ ಹೆಚ್ಚು, 45,000ಕ್ಕಿಂತ ಕಡಿಮೆ ಇರುವವರೆಗೂ (3, 3) ಯೋಜನೆಯೇ ಗೆಲ್ಲುತ್ತದೆ. ಸರಿಯಾಗಿ 45,000 ಆದಾಗ ಸ್ಕೇಲು ಆಳುಗಳ ಗೆರೆಯ ಮೇಲೇ ಕೂರುತ್ತದೆ: (3, 3) ರಿಂದ (0, 4) ರವರೆಗಿನ ಅಂಚಿನಲ್ಲಿ ಎಲ್ಲಿ ನಿಂತರೂ 1,80,000 ರೂಪಾಯಿ. ಅದನ್ನು ದಾಟಿದರೆ ಉತ್ತರ (0, 4) ಕ್ಕೆ ಜಿಗಿಯುತ್ತದೆ. 12,000ಕ್ಕೆ ಕುಸಿದರೆ ಬರೀ ರಾಗಿಯೇ ಮೇಲು. ನಾಳಿನ ದರ ಕರಾರುವಾಕ್ಕಾಗಿ ಗೊತ್ತಿಲ್ಲದವನಿಗೂ ಈ ಚಿತ್ರ ಕೆಲಸಕ್ಕೆ ಬರುವುದು ಇದರಿಂದ: ದರ ಆ ಎರಡು ಅಂಕಿಗಳ ನಡುವೆ ಇರುತ್ತದೋ ಇಲ್ಲವೋ ಎಂದು ಅಂದಾಜಿಸಿದರೆ ಸಾಕು.

ಬೆಳೆ ಮೂರಾದರೆ ಹಾಳೆ ಸಾಲದು, ಹತ್ತಾದರೆ ಚಿತ್ರವನ್ನೇ ಬರೆಯಲಾಗದು. ಆದರೂ ಉತ್ತರ ಇದ್ದರೆ ಯಾವುದಾದರೊಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಅಮೆರಿಕದ ಗಣಿತಜ್ಞ ಜಾರ್ಜ್ ಡಾಂಟ್ಜಿಗ್ 1947ರಲ್ಲಿ ರೂಪಿಸಿದ ಸಿಂಪ್ಲೆಕ್ಸ್ ವಿಧಾನ ಮಾಡುವುದೂ ಇದನ್ನೇ: ಒಂದು ಮೂಲೆಯಿಂದ ಲಾಭ ಹೆಚ್ಚುವ ಪಕ್ಕದ ಮೂಲೆಗೆ ನಡೆಯುತ್ತದೆ, ಹೆಚ್ಚಿಸುವ ಅಂಚು ಯಾವುದೂ ಉಳಿಯದಾಗ ನಿಲ್ಲುತ್ತದೆ.

ಮೊದಲಿನ ದರಕ್ಕೇ ಮರಳಿದರೆ ಚಿತ್ರ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಇನ್ನೂ 20 ಆಳು ಸಿಕ್ಕರು ಎನ್ನಿ. ಆಳುಗಳ ಗೆರೆ ಹೊರಕ್ಕೆ ಸರಿದು x + 3y = 13 ಆಗುತ್ತದೆ, ಮೂಲೆ (2.5, 3.5) ಕ್ಕೆ ಹೋಗುತ್ತದೆ, ಲಾಭ 1,42,500 ರೂಪಾಯಿ ಆಗುತ್ತದೆ. 20 ಆಳಿಗೆ 7,500 ಹೆಚ್ಚಿತು, ಅಂದರೆ ಒಂದು ಆಳಿಗೆ 375. ವಾಡಿಕೆಯ ಕೂಲಿಯನ್ನು ಮೊದಲೇ ಕಳೆದಿದ್ದೇವೆ. ಆದ್ದರಿಂದ ಈ ಹೆಚ್ಚುವರಿ ಆಳುಗಳಿಗೆ ಕೂಲಿಯ ಮೇಲೆ ತಲಾ 375 ರೂಪಾಯಿಯವರೆಗೆ ಕೊಟ್ಟು ಕರೆದರೂ ರೈತನಿಗೆ ನಷ್ಟವಿಲ್ಲ. ಒಟ್ಟು ಆಳು 360 ಮುಟ್ಟುವವರೆಗೆ ಈ ಲೆಕ್ಕ ನಡೆಯುತ್ತದೆ. ಅಲ್ಲಿಂದಾಚೆ ಆರೂ ಎಕರೆ ಟೊಮೆಟೊ ಆಗಿರುತ್ತದೆ. ಮತ್ತೊಬ್ಬ ಆಳು ಬಂದರೂ ಮಾಡಲು ಕೆಲಸವಿರುವುದಿಲ್ಲ.