ಮೀಸಲು ದಿನಗಳು ಎಲ್ಲಿರಬೇಕು?

ಮನೆ ಕಟ್ಟಿಸುವವರು ಮೇಸ್ತ್ರಿಯನ್ನು ‘ಗಾರೆ ಕೆಲಸಕ್ಕೆ ಎಷ್ಟು ದಿನ ಬೇಕು?’ ಎಂದು ಕೇಳುತ್ತಾರೆ. ‘ಇಪ್ಪತ್ತು ದಿನ’ ಎಂಬ ಉತ್ತರದಲ್ಲಿ ಎರಡು ಲೆಕ್ಕಗಳು ಬೆರೆತಿರುತ್ತವೆ. ಎಲ್ಲವೂ ಸಾಧಾರಣವಾಗಿ ನಡೆದರೆ ಕೆಲಸ ಹತ್ತು ದಿನದ್ದು. ಉಳಿದ ಹತ್ತು ದಿನ ಮರಳಿನ ಲಾರಿ ಬಾರದಿದ್ದರೆ, ಆಳುಗಳು ಹಬ್ಬಕ್ಕೆಂದು ಊರಿಗೆ ಹೋದರೆ ಇರಲಿ ಎಂದು ಸೇರಿಸಿದ್ದು. ಮೇಸ್ತ್ರಿಯದು ಮೋಸವಲ್ಲ, ಕೊಟ್ಟ ಮಾತು ಉಳಿಸಿಕೊಳ್ಳುವ ಎಚ್ಚರ. ವೈರಿಂಗ್‌ನವರು, ಟೈಲ್ಸ್‌ನವರು, ಬಣ್ಣದವರು ಎಲ್ಲರೂ ಹೀಗೆಯೇ ಲೆಕ್ಕ ಹೇಳುತ್ತಾರೆ. ಅಂದಮೇಲೆ ಇಂಥ ಮನೆ ಹೇಳಿದ ದಿನಕ್ಕಿಂತ ಮೊದಲೇ ಮುಗಿಯಬೇಕು. ಆದರೂ ಗೃಹಪ್ರವೇಶದ ಮುಹೂರ್ತ ಮುಂದಕ್ಕೆ ಹೋಗುತ್ತದೆ.

ಇಸ್ರೇಲಿನ ಎಲಿಯಾಹು ಗೋಲ್ಡ್‌ರಾಟ್ ಈ ಒಗಟಿನ ಬೆನ್ನು ಹತ್ತಿದರು. ಭೌತಶಾಸ್ತ್ರ ಓದಿ ಕಾರ್ಖಾನೆಗಳ ನಿರ್ವಹಣೆಯತ್ತ ತಿರುಗಿದ ಅವರು, 1997ರಲ್ಲಿ ‘ಕ್ರಿಟಿಕಲ್ ಚೈನ್’ ಎಂಬ ಪುಸ್ತಕವನ್ನು ಕಾದಂಬರಿಯ ರೂಪದಲ್ಲೇ ಬರೆದರು. ಅವರ ವಾದ ಸರಳ: ಮೀಸಲು ದಿನಗಳು ಬೇಕೇ ಬೇಕು, ಆದರೆ ಅವುಗಳನ್ನು ಪ್ರತಿ ಕೆಲಸದೊಳಗೆ ಹಂಚಿಟ್ಟರೆ ಅಲ್ಲಲ್ಲೇ ಕರಗಿಹೋಗುತ್ತವೆ.

ಹೇಗೆ ಕರಗುತ್ತವೆ ಎಂಬುದನ್ನು ಒಂದು ಮನೆಯ ಲೆಕ್ಕದಲ್ಲೇ ನೋಡಬಹುದು. ಗೋಡೆ, ತಾರಸಿ ಎದ್ದಿವೆ. ಉಳಿದಿರುವುದು ವೈರಿಂಗ್ ಪೈಪು, ಗಾರೆ, ಟೈಲ್ಸ್, ಬಣ್ಣ. ಒಂದು ಮುಗಿದ ಮೇಲೆ ಇನ್ನೊಂದು. ಪ್ರತಿಯೊಬ್ಬರೂ 20 ದಿನ ಕೇಳಿದ್ದಾರೆ, ಒಟ್ಟು 80 ದಿನ. ಗಾರೆಯವರು ಅದೃಷ್ಟವಶಾತ್ 13 ದಿನದಲ್ಲೇ ಮುಗಿಸಿದರು ಎನ್ನೋಣ. ಉಳಿದ ಏಳು ದಿನ ಮನೆಗೆ ಲಾಭವಾಗುವುದಿಲ್ಲ. ಟೈಲ್ಸ್‌ನವರಿಗೆ ತಾರೀಖು ಮೊದಲೇ ಗೊತ್ತುಮಾಡಿದ್ದು, ಅಲ್ಲಿಯವರೆಗೆ ಅವರು ಇನ್ನೊಂದು ಮನೆಯಲ್ಲಿರುತ್ತಾರೆ. ಮುಂದೆ ಟೈಲ್ಸ್ ಕೆಲಸ 20ರ ಬದಲು 26 ದಿನ ಹಿಡಿಯಿತು. ಆ ಆರು ದಿನದ ವಿಳಂಬ ಮಾತ್ರ ಪೂರ್ತಿಯಾಗಿ ಬಣ್ಣದವರ ಮೇಲೆ ಬಂದು ಬೀಳುತ್ತದೆ. ಏಳು ದಿನ ಗಳಿಸಿ ಆರು ದಿನ ಕಳೆದುಕೊಂಡ ಮನೆ, ಒಂದು ದಿನ ಮುಂಚೆ ಮುಗಿಯುವ ಬದಲು ಆರು ದಿನ ತಡವಾಗಿ ಮುಗಿಯುತ್ತದೆ.

ವಿಳಂಬ ಮುಂದಕ್ಕೆ ಹರಿಯುತ್ತದೆ, ಉಳಿತಾಯ ನಿಂತಲ್ಲೇ ಇಂಗುತ್ತದೆ. ದಿನಗಳು ಹೆಚ್ಚಿಗೆ ಇವೆ ಎಂದು ಗೊತ್ತಿದ್ದರೆ ಇನ್ನೂ ಒಂದು ಸಂಗತಿ ನಡೆಯುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಪುಸ್ತಕ ಬಿಚ್ಚುವ ವಿದ್ಯಾರ್ಥಿಯಂತೆ ಜನ ಕೆಲಸವನ್ನು ತಡವಾಗಿ ಶುರುಮಾಡುತ್ತಾರೆ. ಮೀಸಲು ದಿನಗಳು ಆರಂಭದಲ್ಲೇ ಖರ್ಚಾಗಿ, ನಿಜವಾದ ತೊಂದರೆ ಎದುರಾಗುವ ಹೊತ್ತಿಗೆ ಕೈಯಲ್ಲಿ ಏನೂ ಇರುವುದಿಲ್ಲ.

ಗೋಲ್ಡ್‌ರಾಟ್ ವಿಧಾನದಲ್ಲಿ ಇದೇ ಮನೆಯ ಯೋಜನೆ ಬೇರೆಯೇ ಆಗುತ್ತದೆ. ಪ್ರತಿ ಕೆಲಸಕ್ಕೆ, ಆ ಅವಧಿಯಲ್ಲಿ ಮುಗಿಯುವ ಮತ್ತು ಮುಗಿಯದಿರುವ ಸಾಧ್ಯತೆ ಸಮವಾಗಿರುವಷ್ಟು, ಅಂದರೆ 10 ದಿನ ಮಾತ್ರ ಕೊಡುತ್ತಾರೆ. ಕೆಲಸದ ಸರಪಳಿ 40 ದಿನಕ್ಕೆ ಇಳಿಯುತ್ತದೆ. ನಾಲ್ವರಿಂದ ತೆಗೆದ 40 ದಿನಗಳಲ್ಲಿ ಅರ್ಧದಷ್ಟನ್ನು, ಅಂದರೆ 20 ದಿನವನ್ನು, ಬಣ್ಣದ ಕೆಲಸದ ನಂತರ ಒಂದೇ ಗಂಟಾಗಿ ಇಡುತ್ತಾರೆ. ಇದು ಪ್ರಾಜೆಕ್ಟ್ ಬಫರ್. ಮನೆಯವರಿಗೆ ಹೇಳುವ ಅವಧಿ 80 ದಿನವಲ್ಲ, 60 ದಿನ.

ಅರ್ಧ ಸಾಕು ಎನ್ನಲು ಗಣಿತದ ಆಧಾರವಿದೆ. ನಾಲ್ಕೂ ಕೆಲಸಗಳು ಒಟ್ಟಿಗೇ ಕೆಡುವುದು ಅಪರೂಪ. ಒಂದರ ಉಳಿತಾಯ ಇನ್ನೊಂದರ ವಿಳಂಬವನ್ನು ತುಂಬಿಕೊಡುತ್ತದೆ. ಪ್ರತಿ ಕೆಲಸದಿಂದ ತೆಗೆದ ದಿನಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯುವುದು ಬಫರ್ ಅಳೆಯುವ ಇನ್ನೊಂದು ಕ್ರಮ. ಹತ್ತರ ವರ್ಗ ನೂರು, ನಾಲ್ಕು ನೂರರ ವರ್ಗಮೂಲ 20. ಇಲ್ಲಿ ಎರಡೂ ಕ್ರಮಗಳು ಒಂದೇ ಉತ್ತರ ಕೊಟ್ಟವು. ಯಾವಾಗಲೂ ಹಾಗಾಗದು. ಇಂಥ 16 ಕೆಲಸಗಳ ಸರಪಳಿಯಲ್ಲಿ ಅರ್ಧದ ನಿಯಮ 80 ದಿನದ ಬಫರ್ ಕೇಳುತ್ತದೆ, ವರ್ಗಮೂಲದ ಲೆಕ್ಕ 40 ದಿನವನ್ನಷ್ಟೇ ಕೇಳುತ್ತದೆ. ಅರ್ಧದ ನಿಯಮ ಬೇಕಾದದ್ದಕ್ಕಿಂತ ತೀರಾ ದೊಡ್ಡ ಬಫರ್ ಕೊಡಬಹುದು ಎಂದು ಬೆಲ್ಜಿಯಂನ ಸಂಶೋಧಕರಾದ ವಿಲ್ಲಿ ಹೆರೂಲೆನ್ ಮತ್ತು ರೂಲ್ ಲೂಸ್ 2001ರಲ್ಲೇ ಎಚ್ಚರಿಸಿದ್ದರು.

ಬಾಗಿಲುಗಳ ವಿಷಯ ಬೇರೆ. ಅವು ಬಡಗಿಯ ಅಂಗಡಿಯಲ್ಲಿ ಸಿದ್ಧವಾಗುತ್ತವೆ, ಬಣ್ಣ ಶುರುವಾಗುವ ಮೊದಲು ಬಂದರೆ ಸಾಕು. ಕೆಲಸ 8 ದಿನದ್ದಾದರೆ, ಅದರ ಮುಂದೆ 4 ದಿನದ ಚಿಕ್ಕ ಬಫರ್ ಇಡುತ್ತಾರೆ. ಇದಕ್ಕೆ ಫೀಡಿಂಗ್ ಬಫರ್ ಎಂದು ಹೆಸರು. ಬಣ್ಣ 30 ದಿನದ ನಂತರ ಆರಂಭ, ಆದ್ದರಿಂದ 18 ದಿನ ಕಳೆದೊಡನೆ ಬಡಗಿ ಮರ ಕೊಯ್ಯಲು ತೊಡಗಬೇಕು. ಆಗ ಬಡಗಿಯ ಮೂರು ದಿನದ ವಿಳಂಬ ಬಣ್ಣದವರನ್ನು ಮುಟ್ಟುವುದೇ ಇಲ್ಲ.

ಇಷ್ಟೆಲ್ಲ ನಡೆಯಬೇಕಾದರೆ ಮುಂದಿನವರು ತಾರೀಖಿಗಲ್ಲ, ಕರೆಗೆ ಬರಬೇಕು. ‘ಇನ್ನು ಐದು ದಿನ’, ‘ಇನ್ನು ಮೂರು ದಿನ’, ‘ನಾಳೆ ಬನ್ನಿ’ ಎಂದು ಗಾರೆಯವರಿಂದ ಟೈಲ್ಸ್‌ನವರಿಗೆ ಫೋನು ಹೋಗುತ್ತಿರಬೇಕು. ಈ ಮುನ್ಸೂಚನೆ ತಪ್ಪಿದರೆ ಉಳಿದ ದಿನಗಳು ಮತ್ತೆ ಇಂಗಿಹೋಗುತ್ತವೆ.

ಉಸ್ತುವಾರಿಯೂ ಬದಲಾಗುತ್ತದೆ. ‘ಶೇಕಡಾ ಎಷ್ಟು ಮುಗಿಯಿತು?’ ಎಂಬ ಪ್ರಶ್ನೆಗೆ ಎಲ್ಲರೂ ‘ತೊಂಬತ್ತು’ ಎನ್ನುತ್ತಾರೆ. ಇಲ್ಲಿ ಕೇಳುವುದು ‘ಇನ್ನೆಷ್ಟು ದಿನ?’ ಎಂದು. ಬಂದ ಉತ್ತರದಿಂದ ಬಫರ್ ಎಷ್ಟು ಖರ್ಚಾಗಿದೆ ಎಂದು ತಿಳಿಯುತ್ತದೆ. ಸರಪಳಿಯ ಅರ್ಧ ಮುಗಿದಾಗ 20ರಲ್ಲಿ 6 ದಿನ ಖರ್ಚಾಗಿದ್ದರೆ ಹಸಿರು, ಯಾರೂ ಗಾಬರಿಯಾಗಬೇಕಿಲ್ಲ. ಹತ್ತರ ಆಸುಪಾಸಿದ್ದರೆ ಹಳದಿ, ಪರಿಹಾರ ಯೋಚಿಸಿಡಬೇಕು. ಅರ್ಧ ಕೆಲಸಕ್ಕೇ 14 ದಿನ ಹೋಗಿದ್ದರೆ ಕೆಂಪು, ಆಳು ಹೆಚ್ಚಿಸುವುದೋ ಬೇರೆ ದಾರಿಯೋ ಅಂದೇ ಜಾರಿಯಾಗಬೇಕು. ಮುಹೂರ್ತ ತಪ್ಪುವ ಸುಳಿವು ವಾರಗಳ ಮೊದಲೇ ಸಿಗುತ್ತದೆ.

ಅಮೆರಿಕದ ಜಾರ್ಜಿಯಾದಲ್ಲಿ ವಾಯುಪಡೆಯ ವಾರ್ನರ್ ರಾಬಿನ್ಸ್ ಕೇಂದ್ರ ಈ ವಿಧಾನವನ್ನು ‘ಸಿ-5’ ಎಂಬ ದೈತ್ಯ ಸರಕು ವಿಮಾನಗಳ ದುರಸ್ತಿಗೆ ತಂದಿತು. ವಿಮಾನವನ್ನು ಬಿಚ್ಚಿದ ಮೇಲಷ್ಟೇ ಒಳಗಿನ ತುಕ್ಕು, ಬಿರುಕು ಕಾಣುವುದರಿಂದ ಅಲ್ಲಿ ಯಾವ ಕೆಲಸದ ಅವಧಿಯೂ ಖಚಿತವಲ್ಲ. ಬಫರ್ ಇಡುವುದರ ಜೊತೆಗೆ, ಒಂದೇ ಹೊತ್ತಿಗೆ ಕೈಗೆತ್ತಿಕೊಳ್ಳುವ ವಿಮಾನಗಳನ್ನೂ ಕಡಿಮೆ ಮಾಡಿದರು. ಎಂಟು ತಿಂಗಳಲ್ಲಿ ದುರಸ್ತಿಗೆ ನಿಂತ ವಿಮಾನಗಳು 12ರಿಂದ 7ಕ್ಕೆ ಇಳಿದವು, ಒಂದೊಂದರ ದುರಸ್ತಿ ಅವಧಿ 240 ದಿನದಿಂದ 160 ದಿನಕ್ಕೆ ಬಂತು. ಈ ಕೆಲಸಕ್ಕೆ 2006ರ ಫ್ರಾಂಜ್ ಎಡೆಲ್ಮನ್ ಪ್ರಶಸ್ತಿ ದೊರೆಯಿತು.

ವಿಧಾನ ಸೋಲುವ ಬಗೆಗಳೂ ಗೊತ್ತಿರುವಂಥವೇ. ಹತ್ತು ದಿನದ ಅಂದಾಜನ್ನೇ ಗಡುವು ಮಾಡಿ, ಹನ್ನೊಂದನೆಯ ದಿನ ಗದರಿದರೆ ಮುಂದಿನ ಸಲ ಅದೇ ಮೇಸ್ತ್ರಿ ನಲವತ್ತು ದಿನ ಕೇಳುತ್ತಾನೆ. ಸಮಸಾಧ್ಯತೆಯ ಅಂದಾಜೆಂದರೆ ಅರ್ಧದಷ್ಟು ಸಲ ಮೀರುತ್ತದೆ ಎಂದೇ ಅರ್ಥ. ಅದನ್ನು ಒಪ್ಪದ ಕಡೆ ಯಾರೂ ನಿಜವಾದ ಲೆಕ್ಕ ಕೊಡುವುದಿಲ್ಲ. ಇನ್ನೊಂದು ಅಪಾಯ, ಕೊನೆಯಲ್ಲಿ ಖಾಲಿಯಂತೆ ಕಾಣುವ 20 ದಿನಗಳನ್ನು ಮೇಲಿನವರು ‘ಇದೇಕೆ?’ ಎಂದು ಕತ್ತರಿಸಿಬಿಡುವುದು. ಆಗ ಉಳಿಯುವುದು ಯಾವ ರಕ್ಷಣೆಯೂ ಇಲ್ಲದ 40 ದಿನ.

ಬಫರ್‌ನ ಗಣಿತ ನಿಂತಿರುವುದು ಒಂದರ ವಿಳಂಬ ಇನ್ನೊಂದಕ್ಕೆ ಸಂಬಂಧಿಸಿದ್ದಲ್ಲ ಎಂಬ ನಂಬಿಕೆಯ ಮೇಲೆ. ವಾರಗಟ್ಟಲೆ ಮಳೆ ಹಿಡಿದರೆ ಗಾರೆ ಒಣಗುವುದೂ ತಡ, ಬಣ್ಣ ಒಣಗುವುದೂ ತಡ, ಒಂದರ ಲಾಭ ಇನ್ನೊಂದಕ್ಕೆ ಸಿಗದು. ಸರ್ಕಾರಿ ಅನುಮತಿ, ಹಣದ ಕಂತು ನಿಂತರೂ ಎಲ್ಲ ಕೆಲಸಗಳು ಒಟ್ಟಿಗೇ ನಿಲ್ಲುತ್ತವೆ. ಆದ್ದರಿಂದ ಜೂನ್‌ನಲ್ಲಿ ಆರಂಭವಾಗುವ ಮನೆಗೆ ಮಳೆಯ ದಿನಗಳನ್ನು ಆ 20ರೊಳಗೆ ತುರುಕದೆ ಬೇರೆಯಾಗಿಯೇ ಎಣಿಸಿಡಬೇಕಾಗುತ್ತದೆ.