ಬೆಳ್ಳಗಾದ ಕಿಟಕಿಗೆ ಹೊರಗಿನ ನೋಟ

ಬಾಡಿಗೆ ಮನೆ, ಹೋಮ್‌ಸ್ಟೇ, ಮಾರಾಟಕ್ಕಿರುವ ಫ್ಲ್ಯಾಟು, ಯಾವುದರ ಒಳಾಂಗಣದ ಫೋಟೊ ನೋಡಿದರೂ ಸಾಮಾನ್ಯವಾಗಿ ಕಾಣುವ ಒಂದು ದೋಷವಿದೆ. ಮಂಚ, ಹೊದಿಕೆ, ಗೋಡೆಯ ಬಣ್ಣ ಎಲ್ಲವೂ ಸೊಗಸಾಗಿ ಬಂದಿರುತ್ತವೆ. ಕಿಟಕಿ ಮಾತ್ರ ಗೋಡೆಗೆ ಅಂಟಿಸಿದ ಬಿಳಿ ಹಾಳೆಯ ಹಾಗಿರುತ್ತದೆ. ಅದರಾಚೆ ತೋಟವಿದೆಯೋ ರಸ್ತೆಯಿದೆಯೋ ಯಾರಿಗೂ ಗೊತ್ತಾಗುವುದಿಲ್ಲ.

ಅದೇ ಕೋಣೆಯಲ್ಲಿ ನಿಂತು ನೋಡಿದರೆ ನಮ್ಮ ಕಣ್ಣಿಗೆ ಒಳಗಿನದೂ ಹೊರಗಿನದೂ ಕಾಣುತ್ತವೆ. ಕಣ್ಣು ಅತ್ತಿತ್ತ ಹೊರಳುವಾಗ ಬೆಳಕಿಗೆ ತಕ್ಕಂತೆ ಹೊಂದಿಕೊಳ್ಳುತ್ತಲೇ ಇರುತ್ತದೆ. ಕ್ಯಾಮೆರಾ ಹಾಗಲ್ಲ, ಇಡೀ ಚೌಕಟ್ಟಿಗೆ ಅದು ಒಂದೇ ಅಳತೆಯ ಬೆಳಕು ಹಿಡಿಯುತ್ತದೆ. ಸಕಲೇಶಪುರದ ಕಡೆಯ ಒಂದು ಹೋಮ್‌ಸ್ಟೇ ಕೋಣೆಯನ್ನು ಊಹಿಸಿಕೊಳ್ಳಿ. ಕೆಂಪು ರೆಡ್‌ಆಕ್ಸೈಡ್ ನೆಲ, ಸರಳು ಹಾಕಿದ ಮರದ ಕಿಟಕಿ, ಆಚೆ ಕಾಫಿ ಗಿಡಗಳು, ಅವುಗಳ ನಡುವೆ ಸಿಲ್ವರ್ ಓಕ್ ಮರಗಳು. ತೆಳು ಮೋಡದ ಬೆಳಗ್ಗೆ, ಐಎಸ್‌ಒ 100, f/8 ಇಟ್ಟರೆ ಕೋಣೆ ಚೆನ್ನಾಗಿ ಬರಲು 1/4 ಸೆಕೆಂಡ್ ಬೇಕು ಎಂದುಕೊಳ್ಳೋಣ. ಹೊರಗಿನ ತೋಟಕ್ಕೆ 1/250 ಸೆಕೆಂಡ್ ಸಾಕು. ಅಂದರೆ ಹೊರಗೆ ಸುಮಾರು ಅರುವತ್ತು ಪಟ್ಟು ಹೆಚ್ಚು ಬೆಳಕಿದೆ. ಬೆಳಕು ಒಂದೊಂದು ಸಲ ಇಮ್ಮಡಿಯಾಗುವುದನ್ನು ಫೋಟೊಗ್ರಾಫರುಗಳು ಒಂದು ಸ್ಟಾಪ್ ಎನ್ನುತ್ತಾರೆ. ಆ ಲೆಕ್ಕದಲ್ಲಿ ಇದು ಆರು ಸ್ಟಾಪ್. ಮಧ್ಯಮ ಬೆಳಕಿನ ಮೇಲೆ ಕ್ಯಾಮೆರಾ ತಡೆದುಕೊಳ್ಳುವುದು ಮೂರು ಸ್ಟಾಪಿನ ಆಸುಪಾಸು ಮಾತ್ರ. ಆ ಮಿತಿ ದಾಟಿದ್ದೆಲ್ಲ ಬಿಳುಪು. ಹಾಗೆ ಬಿಳುಚಿದ ಜಾಗದಲ್ಲಿ ಎಲೆಯ ಗುರುತೂ ಉಳಿದಿರುವುದಿಲ್ಲವಾದ್ದರಿಂದ ಆಮೇಲೆ ಎಷ್ಟು ಕಪ್ಪು ಮಾಡಿದರೂ ಬೂದು ಬಣ್ಣ ಬರುತ್ತದೆಯೇ ಹೊರತು ತೋಟ ಬರುವುದಿಲ್ಲ.

ಆದ್ದರಿಂದ ಕಿಟಕಿಯ ನೋಟವನ್ನು ಬೇರೆ ಫೋಟೊದಿಂದಲೇ ತರಬೇಕು. ಎಲ್ಲಕ್ಕಿಂತ ಒಳ್ಳೆಯದು ಅದೇ ಜಾಗದಿಂದ, ಅದೇ ಗಳಿಗೆಯಲ್ಲಿ ತೆಗೆದ ಎರಡನೆಯ ಫೋಟೊ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಫೋಕಸ್ ಮತ್ತು f/8 ಎರಡನ್ನೂ ಮುಟ್ಟದೆ, ಷಟರ್ ವೇಗ ಒಂದನ್ನೇ ಬದಲಿಸುತ್ತ 1/4, 1/15, 1/60, 1/125, 1/250 ಎಂದು ಸಾಲಾಗಿ ತೆಗೆಯಿರಿ. ಫೋನಿನಲ್ಲಾದರೆ ಅದನ್ನು ಅಲುಗಾಡದಂತೆ ನಿಲ್ಲಿಸಿ, ಕೋಣೆಗೊಮ್ಮೆ ಕಿಟಕಿಗೊಮ್ಮೆ ಬೆರಳಿಟ್ಟು ಎರಡು ಫೋಟೊ ತೆಗೆಯಬಹುದು.

ಇನ್ನು ಜೋಡಿಸುವ ಕೆಲಸ. ದುಡ್ಡು ಕೊಡದೆ ಸಿಗುವ ಗಿಂಪ್ ತಂತ್ರಾಂಶ ಇದಕ್ಕೆ ಸಾಕು, ಫೋಟೊಶಾಪ್ ಇದ್ದರೂ ಕ್ರಮ ಇದೇ. ಕೋಣೆಯ ಫೋಟೊ ಕೆಳಗಿನ ಲೇಯರ್, ಹೊರಗಿನದು ಮೇಲಿನ ಲೇಯರ್. ಮೇಲಿನದಕ್ಕೆ ಕಪ್ಪು ಮಾಸ್ಕ್ ಹಾಕಿದರೆ ಅದು ಪೂರ್ತಿ ಮರೆಯಾಗುತ್ತದೆ. ಕಿಟಕಿ ಚೌಕಟ್ಟಿನ ಒಳಅಂಚಿನ ಗುಂಟ ಗೆರೆ ಎಳೆದು ಆಯ್ದುಕೊಂಡು, ಅಂಚನ್ನು ಒಂದೆರಡು ಪಿಕ್ಸೆಲ್‌ನಷ್ಟು ಮೃದು ಮಾಡಿ, ಆ ಭಾಗದ ಮಾಸ್ಕ್‌ಗೆ ಬಿಳಿ ತುಂಬಿದರೆ ತೋಟ ಕಾಣಿಸುತ್ತದೆ.

ನಮ್ಮ ಮನೆಗಳಲ್ಲಿ ತೊಡಕು ಬರುವುದು ಸರಳುಗಳಿಂದ. ಕೋಣೆಗೆಂದು ತೆಗೆದ ಫೋಟೊದಲ್ಲಿ ಹೊರಗಿನ ಬೆಳಕು ಸರಳಿನ ಎರಡೂ ಬದಿಗೆ ಚೆಲ್ಲಿ ಅದನ್ನು ಸಣಕಲು ಮಾಡಿರುತ್ತದೆ. ಒಂದೊಂದೇ ಸರಳನ್ನು ಬಿಟ್ಟು ನಡುವಿನ ಸಂದುಗಳನ್ನಷ್ಟೇ ಕತ್ತರಿಸಿದರೆ ಪ್ರತಿ ಸರಳಿಗೂ ಬಿಳಿ ಅಂಚು ಉಳಿಯುತ್ತದೆ. ಕತ್ತರಿಸಿ ಅಂಟಿಸಿದ್ದು ಎಂದು ಮೊದಲು ಹೇಳಿಬಿಡುವುದೇ ಈ ಅಂಚು. ಅದಕ್ಕೇ ಸರಳುಗಳನ್ನೂ ಹೊರಗಿನ ಫೋಟೊದಿಂದಲೇ ತೆಗೆದುಕೊಳ್ಳಬೇಕು. ಅಲ್ಲಿ ಅವು ಸರಿಯಾದ ದಪ್ಪದಲ್ಲಿರುತ್ತವೆ. ಆದರೆ ಕಡುಕಪ್ಪಾಗಿರುತ್ತವೆ, ಕೋಣೆಯ ಬೆಳಕಿಗೆ ಹೊಂದುವಷ್ಟು ತುಸು ತಿಳಿ ಮಾಡಬೇಕು.

ಬಹಳ ಜನ ಎಡವುವುದು ಯಾವ ಫೋಟೊ ಆರಿಸಬೇಕು ಎಂಬಲ್ಲಿ. ತೋಟ ಅತ್ಯಂತ ಚೆಂದವಾಗಿ ಬಂದಿರುವುದು 1/250ರಲ್ಲಿ, ಹಾಗಾಗಿ ಕೈ ಅದರತ್ತಲೇ ಹೋಗುತ್ತದೆ. ಅದನ್ನು ಹಾಕಿ ನೋಡಿ, ಕಿಟಕಿ ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ಚಿತ್ರವಾಗಿಬಿಡುತ್ತದೆ. ಹಗಲು ಹೊತ್ತು ಕೋಣೆಗೆ ಬೆಳಕು ಬರುವುದೇ ಕಿಟಕಿಯಿಂದ, ಬೆಳಕು ಕೊಡುವುದು ಬೆಳಕು ಪಡೆಯುವುದಕ್ಕಿಂತ ಮಂಕಾಗಿರಲು ಸಾಧ್ಯವಿಲ್ಲ. ನನ್ನ ಆಯ್ಕೆ 1/125, ಕೆಲವೊಮ್ಮೆ 1/60. ಸರಿಯಾದ ಅಳತೆಗಿಂತ ಒಂದೆರಡು ಸ್ಟಾಪ್ ಹೆಚ್ಚು ಬೆಳಕಿನ ಆ ಫೋಟೊಗಳಲ್ಲಿ ಹಸಿರು ತುಸು ತೆಳುವಾಗಿ, ಆಕಾಶ ಬಹುತೇಕ ಬಿಳಿಯಾಗಿ ಕಾಣುತ್ತದೆ. ಅದು ಹಾಗೇ ಇರಲಿ. ಫೋನುಗಳು ತಾವಾಗಿಯೇ ಮಾಡುವ ಎಚ್‌ಡಿಆರ್ ಎಷ್ಟೋ ಸಲ ಸಪ್ಪೆಯಾಗುವುದಕ್ಕೂ ಇದೇ ಕಾರಣ, ಅದು ಒಳಗನ್ನೂ ಹೊರಗನ್ನೂ ಒಂದೇ ಮಟ್ಟಕ್ಕೆ ತಂದುಬಿಡುತ್ತದೆ.

ಬಣ್ಣದಲ್ಲೂ ಇದೇ ವಿವೇಕ ಬೇಕು. ಒಳಗೆ ಹಳದಿ ಬಲ್ಬು ಉರಿಯುತ್ತಿದ್ದರೆ, ಕೋಣೆಗೆ ಹೊಂದಿಸಿದ ಫೋಟೊದಲ್ಲಿ ಹೊರಗಿನದು ನೀಲಿಗಟ್ಟುತ್ತದೆ. ಆ ನೀಲಿಯನ್ನು ಕಡಿಮೆ ಮಾಡಿ, ಪೂರ್ತಿ ತೊಳೆಯಬೇಡಿ. ಆಮೇಲೆ ನೆಲ ನೋಡಿ. ಉಜ್ಜಿ ಹೊಳಪು ಬಂದ ರೆಡ್‌ಆಕ್ಸೈಡ್ ನೆಲದಲ್ಲಿ ಕಿಟಕಿಯ ಬಿಳಿ ಪ್ರತಿಬಿಂಬ ಬಿದ್ದಿರುತ್ತದೆ. ಮೇಲೆ ಹಸಿರು ತೋಟ, ಕೆಳಗೆ ಕಣ್ಣು ಕುಕ್ಕುವ ಬಿಳುಪು ಎಂದಾದರೆ ನೋಡುವವರಿಗೆ ಕಾರಣ ತಿಳಿಯದಿದ್ದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ. ಆ ಜಾಗದಲ್ಲೂ ಮಾಸ್ಕ್ ಮೇಲೆ ಬೂದು ಬಣ್ಣ ಸವರಿ ಹೊರಗಿನ ಫೋಟೊವನ್ನು ಸ್ವಲ್ಪ ಬೆರೆಸಬೇಕು.

ಎರಡನೆಯ ಫೋಟೊ ತೆಗೆಯದೇ ಬಂದಿದ್ದರೆ? ಅದೇ ಕಿಟಕಿಯಿಂದ ಮತ್ತೊಂದು ದಿನ ಹೊರಗಿನದನ್ನು ತೆಗೆದು ಹಾಕಬಹುದು, ಆದರೆ ಹೊಂದಿಸುವುದೆಲ್ಲ ನಿಮ್ಮ ಪಾಲಿನ ಕೆಲಸ. ಮಟ್ಟವಾಗಿಟ್ಟ ಕ್ಯಾಮೆರಾ ನಾಲ್ಕಡಿ ಎತ್ತರದಲ್ಲಿದ್ದರೆ, ಫೋಟೊದಲ್ಲಿ ದಿಗಂತ ಬರುವುದು ಕೋಣೆಯೊಳಗೆ ನಾಲ್ಕಡಿ ಎತ್ತರದಲ್ಲಿರುವ ಸ್ವಿಚ್‌ಬೋರ್ಡಿನ ಸಾಲಿಗೇ. ಅದಕ್ಕಿಂತ ಮೇಲಿಟ್ಟರೆ ಮನೆ ಹಳ್ಳಕ್ಕೆ ಜಾರುತ್ತಿರುವಂತೆ ಕಾಣುತ್ತದೆ. ಗಾತ್ರದ ತಪ್ಪು ಇನ್ನೂ ಹೆಚ್ಚು ಕಾಣುವಂಥದ್ದು. ಇಡೀ ಬೆಟ್ಟದ ಸಾಲನ್ನು ಕುಗ್ಗಿಸಿ ಮೂರಡಿ ಕಿಟಕಿಯಲ್ಲಿ ತುರುಕುವವರಿದ್ದಾರೆ. ಕೋಣೆಯನ್ನು 24 ಮಿ.ಮೀ. ಲೆನ್ಸಿನಲ್ಲಿ ತೆಗೆದಿದ್ದರೆ ಹೊರಗಿನದನ್ನೂ ಅದರಲ್ಲೇ ತೆಗೆದು, ಕುಗ್ಗಿಸದೆ, ಕಿಟಕಿ ಹಿಡಿಸುವಷ್ಟು ಭಾಗ ಮಾತ್ರ ಉಳಿಸಿಕೊಳ್ಳಬೇಕು. ಹಾಗೆ ಮಾಡಿದಾಗ ಎರಡು ಮರ, ಒಂದು ತುಂಡು ಗುಡ್ಡವಷ್ಟೇ ಸಿಗಬಹುದು. ಕಿಟಕಿಯಿಂದ ನಿಜವಾಗಿ ಕಾಣುವುದೂ ಅಷ್ಟೇ.

ಅಂಥ ಫೋಟೊ ಹಾಕುವಾಗ ಸರಳುಗಳಿಗೆ ಒಂದು ಸುಲಭ ದಾರಿಯಿದೆ. ಮೇಲಿನ ಲೇಯರನ್ನು ಮಲ್ಟಿಪ್ಲೈ ಎಂಬ ಮೋಡ್‌ಗೆ ಬದಲಿಸಿದರೆ ಬಿಳಿ ಇದ್ದಲ್ಲಿ ಹೊಸ ನೋಟ ಪೂರ್ತಿ ಕಾಣುತ್ತದೆ, ಕಪ್ಪು ಸರಳು ಕಪ್ಪಾಗೇ ಉಳಿಯುತ್ತದೆ. ತೆಳು ಪರದೆ ಇದ್ದಲ್ಲೂ ಇದೇ ಮೋಡ್ ಒಪ್ಪುತ್ತದೆ. ಬಿಸಿಲನ್ನು ಮಾತ್ರ ಯಾವ ಮೋಡ್ ಕೂಡ ಸರಿಪಡಿಸದು. ಆ ಕಿಟಕಿಯಿಂದ ಬಂದ ಬಿಸಿಲು ನೆಲದ ಮೇಲೆ ಬಿದ್ದಿದ್ದರೆ ಸೂರ್ಯ ನಮ್ಮೆದುರಿಗಿದ್ದಾನೆ ಎಂದರ್ಥ. ಆಚೆಯ ಮರಗಳ ನೆರಳು ನಮ್ಮ ಕಡೆಗೇ ಚಾಚಿರಬೇಕು, ಮೋಡದ ದಿನದ ತೋಟ ಅಲ್ಲಿಗೆ ಹೊಂದುವುದಿಲ್ಲ.

ಕೊನೆಯದಾಗಿ, ಇದೇ ವಿದ್ಯೆಯಿಂದ ಇಲ್ಲದ ಬೆಟ್ಟವನ್ನೂ ತರಬಹುದು. ಕಂಡದ್ದನ್ನು ಮತ್ತೆ ಕಾಣಿಸುವುದು ಫೋಟೊಗ್ರಾಫರನ ಕೆಲಸ, ಇಲ್ಲದ್ದನ್ನು ತೋರಿಸಿ ಮುಂಗಡ ಪಡೆಯುವುದು ವಂಚನೆ. ಜಾಹೀರಾತಿನ ಸುಳ್ಳನ್ನು ನಂಬಿ ಹಣ ಕೊಟ್ಟು ನಷ್ಟವಾದವರಿಗೆ ಬಿಲ್ಡರ್ ಪರಿಹಾರ ಕೊಡಬೇಕೆಂದು 2016ರ ರೇರಾ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ನಿಮ್ಮ ಕಿಟಕಿಯಾಚೆ ಇರುವುದು ಪಕ್ಕದ ಮನೆಯ ಗೋಡೆಯಾದರೆ ಅದನ್ನೇ ಹಾಕಿ. ಮನಸ್ಸಿಲ್ಲದಿದ್ದರೆ ಪರದೆ ಎಳೆದು ಫೋಟೊ ತೆಗೆಯಿರಿ.